ಹಾಸನದಿಂದ ಬೆಂಗಳೂರಿಗೆ ರೋಗಿಯನ್ನು ಕರೆದೊಯ್ಯಲು ಯಾವ ಆಂಬ್ಯುಲೆನ್ಸ್?

ಅಪಘಾತ, ಎದೆನೋವು, ಹೆರಿಗೆನೋವು ಎಂದರೆ ಮೊದಲು 108ಕ್ಕೆ ಕರೆ ಮಾಡಿ, ಅದು ಉಚಿತ. ಡಿಸ್ಚಾರ್ಜ್ ಆದವರನ್ನು ಮನೆಗೆ ಕರೆತರಲು, ನೀವೇ ಆರಿಸಿದ ದೂರದ ಆಸ್ಪತ್ರೆಗೆ ಸಾಗಿಸಲು ಸಾಮಾನ್ಯವಾಗಿ ಖಾಸಗಿ ಗಾಡಿಯೇ ಬೇಕು.

ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಸ್ಟ್ರೆಚರ್ ಇರುವ ಓಮ್ನಿ ಸಾಕು, ಬಾಡಿಗೆಯೂ ಕಡಿಮೆ. ಉಸಿರಾಟಕ್ಕೆ ಆಕ್ಸಿಜನ್ ಬೇಕಿದ್ದರೆ ಟೆಂಪೋ ಟ್ರಾವೆಲರ್. ವೆಂಟಿಲೇಟರ್ ಮೇಲಿರುವವರಿಗೆ ಐಸಿಯು ಆಂಬ್ಯುಲೆನ್ಸೇ ಆಗಬೇಕು. ವೆಂಟಿಲೇಟರ್ ನಡೆಸಬಲ್ಲ ವೈದ್ಯರೋ ತಂತ್ರಜ್ಞರೋ ಜೊತೆಗಿಲ್ಲದಿದ್ದರೆ ಆ ದುಬಾರಿ ಬಾಡಿಗೆ ಕೊಟ್ಟೂ ವ್ಯರ್ಥ.

ದರ ಕೇಳುವಾಗ ಎಡವುವುದು ಕಿಲೋಮೀಟರಿನಲ್ಲಿ. ಹಾಸನದಿಂದ ಬೆಂಗಳೂರು ಸುಮಾರು 185 ಕಿ.ಮೀ. ಒಬ್ಬರು ಕಿಲೋಮೀಟರಿಗೆ 20 ರೂಪಾಯಿ, ಇನ್ನೊಬ್ಬರು 28 ಎಂದರು ಅಂತಿಟ್ಟುಕೊಳ್ಳಿ. ಮೊದಲನೆಯವರು ಹೋಗಿಬರುವ 370 ಕಿ.ಮೀ. ಲೆಕ್ಕ ಹಿಡಿದರೆ 7,400 ಆಯಿತು. ಎರಡನೆಯವರದು ಹೋಗುವ ದಾರಿಗೆ ಮಾತ್ರವಾದರೆ 5,180. ಟೋಲ್, ಕಾಯುವ ಹೊತ್ತು, ಆಕ್ಸಿಜನ್, ನರ್ಸ್ ಇದರಲ್ಲೇ ಸೇರಿದೆಯೇ ಎಂದು ಕೇಳಿ, ಒಟ್ಟು ಮೊತ್ತವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ನಮ್ಮ ತಂದೆಯನ್ನು ಸಾಗಿಸುವಾಗ ನಾನು ಆಕ್ಸಿಜನ್ ಸಿಲಿಂಡರ್ ಇದೆಯೇ ಎಂದಷ್ಟೇ ಕೇಳಿದ್ದೆ, ಎಷ್ಟು ದೊಡ್ಡದು ಎಂದು ಕೇಳಲಿಲ್ಲ. ದಾರಿಯುದ್ದಕ್ಕೂ ಅದರ ಗೇಜಿನ ಮುಳ್ಳನ್ನೇ ನೋಡುತ್ತ ಕೂತಿದ್ದೆ. ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 5 ಲೀಟರಿನಂತೆ ಐದು ಗಂಟೆ ಬರುತ್ತದೆ; 10 ಲೀಟರ್ ಬೇಕಾದವರಿಗೆ ಎರಡೂವರೆ ಗಂಟೆಗೇ ಮುಗಿಯುತ್ತದೆ, ನೆಲಮಂಗಲದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಸಾಲದು. ಅಂಥವರಿಗೆ ಸುಮಾರು 7,000 ಲೀಟರಿನ ಡಿ ಟೈಪ್ ಇರುವ ಗಾಡಿಯನ್ನೇ ಹಿಡಿಯಿರಿ, ಹೊರಡುವ ಮೊದಲು ಗೇಜ್ ನೀವೇ ನೋಡಿ.