ನೆಬ್ಯುಲೈಸರ್ ಕಪ್: ಕುದಿಸೋದಾ, ವಿನೆಗರಾ, ಸ್ಟೀಮಾ? ಮಲೆನಾಡಿನ ಮಳೆಗಾಲದಲ್ಲಿ ಮಾಡಿ ನೋಡಿದ್ದು

ಔಷಧಿಯನ್ನು ಉಸಿರಿನಲ್ಲಿ ಎಳೆದುಕೊಳ್ಳುವ ಮಂಜಾಗಿಸುವ ಮೆಷಿನ್ನೇ ನೆಬ್ಯುಲೈಸರ್, ಔಷಧಿ ಹಾಕುವುದು ಅದರ ಕಪ್ಪಿಗೆ. ಆಸ್ಪತ್ರೆಯಿಂದ ಮನೆಗೆ ಹೋಗುವಾಗ ಕೈಗೆ ಕೊಡುವ ಚೀಟಿಯಲ್ಲಿ "ಬಳಸಿದ ಮೇಲೆ ತೊಳೆದು ಗಾಳಿಗೆ ಒಣಗಿಸಿ" ಅಂತ ಒಂದು ಸಾಲು ಇದ್ದೇ ಇರುತ್ತದೆ. ಶಿವಮೊಗ್ಗ ಪೇಟೆಯಲ್ಲಿ, ಅದೂ ಫೆಬ್ರವರಿಯಲ್ಲಿ, ಆ ಸಾಲು ಸಾಕು. ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೋದರೆ ಜುಲೈನಲ್ಲಿ ಒಳಚಡ್ಡಿಯೇ ಒಣಗುವುದಿಲ್ಲ, ಸಣ್ಣ ತೂತಿನ ಪ್ಲಾಸ್ಟಿಕ್ ಕಪ್ ಒಣಗೀತೇ? ನಾನು ಶಿವಮೊಗ್ಗದಲ್ಲಿ ನರ್ಸ್. ಅಪ್ಪಯ್ಯನಿಗೆ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಅವರಿರುವುದು ಊರಿನ ಮನೆಯಲ್ಲಿ. ಹಾಗಾಗಿ ಕಪ್ ಸ್ವಚ್ಛ ಮಾಡುವ ಬೇರೆ ಬೇರೆ ವಿಧಾನಗಳನ್ನು ಎರಡೂ ಕಡೆ ಮಾಡಿ ನೋಡಿದ್ದೇನೆ. ಗೋಡೆಗೆ ಅಂಟಿಸುವ ಚೀಟಿ ಹೇಗಿರಬೇಕು ಎನ್ನುವುದಕ್ಕೆ ಇದೇ ನನ್ನ ಹೋಲಿಕೆ.

ಮೊದಲು, ಇಷ್ಟೊಂದು ತೊಳೆಯುವ ರಗಳೆ ಯಾಕೆ ಎಂಬುದು. ಮೆಷಿನ್ನಿನ ಗಾಳಿ ಪೈಪಿನಲ್ಲಿ ಬಂದು ಕಪ್ಪಿನ ತಳದ ಸೂಜಿಮೊನೆಯಷ್ಟು ತೂತಿನಿಂದ ರಭಸವಾಗಿ ಹೊರಡುತ್ತದೆ. ಆ ರಭಸಕ್ಕೆ ಔಷಧಿ ಮೇಲಕ್ಕೆ ಎಳೆದುಕೊಂಡು, ಒಳಗಿನ ಸಣ್ಣ ಟೊಪ್ಪಿಗೆ ಬಡಿದು, ಮಂಜಿನಂತೆ ಒಡೆಯುತ್ತದೆ. ಆ ಹನಿಗಳು ಶ್ವಾಸಕೋಶದ ತೀರಾ ಒಳಗಿನವರೆಗೂ ಹೋಗುವಷ್ಟು ಚಿಕ್ಕವು. ಔಷಧಿ ಪೂರ್ತಿ ಖಾಲಿಯಾಗುವುದೂ ಇಲ್ಲ, ಕೊನೆಯಲ್ಲಿ ಸ್ವಲ್ಪ ತಳದಲ್ಲಿ ಉಳಿದೇ ಉಳಿಯುತ್ತದೆ. ಆ ಒದ್ದೆಯಲ್ಲಿ ಬ್ಯಾಕ್ಟೀರಿಯಾವೋ ಬೂಷ್ಟೋ ಬೆಳೆದರೆ, ಮುಂದಿನ ಸಲ ಔಷಧಿಯ ಜೊತೆ ಅದನ್ನೂ ಅಷ್ಟೇ ಒಳಗೆ ತಲುಪಿಸಿದಂತಾಯಿತು.

ಎಲ್ಲ ವಿಧಾನಗಳಿಗೂ ಮೊದಲ ಹೆಜ್ಜೆ ಒಂದೇ, ಅದನ್ನು ಬಿಟ್ಟು ಮುಂದಿನದಕ್ಕೆ ಅರ್ಥವಿಲ್ಲ. ಪ್ರತಿ ಸಲ ಮುಗಿದ ಕೂಡಲೇ ಪೈಪ್ ಬಿಡಿಸಿ, ಕಪ್ ತಿರುಗಿಸಿ ಬಿಚ್ಚಿ, ಟೊಪ್ಪಿ ತೆಗೆದು, ಉಳಿದ ಔಷಧಿ ಚೆಲ್ಲಬೇಕು. ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ ಕಪ್ಪಿನ ಭಾಗಗಳನ್ನೂ ಮಾಸ್ಕನ್ನೂ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸಬೇಕು. ಅಬ್ಬಿ ನೀರು ಎಷ್ಟೇ ತಿಳಿಯಾಗಿರಲಿ, ನಲ್ಲಿ ನೀರು ಎಷ್ಟೇ ಚೆನ್ನಾಗಿರಲಿ, ಕೊನೆಯ ಜಾಲಿಸುವಿಕೆಗೆ ಹಸಿ ನೀರು ಬೇಡ. ಕುಡಿದರೆ ಏನೂ ಮಾಡದ ಕೆಲವು ರೋಗಾಣುಗಳು ಶ್ವಾಸಕೋಶಕ್ಕೆ ಹೋದರೆ ಸುಮ್ಮನಿರುವುದಿಲ್ಲ. ಪೈಪಿಗೆ ಮಾತ್ರ ನೀರು ತಾಗಿಸಬಾರದು, ಅದರೊಳಗೆ ಹೋದ ನೀರು ಹೊರಬರುವುದು ಕಷ್ಟ. ಪೈಪಿನಲ್ಲಿ ಹನಿ ಕಂಡರೆ ಅದನ್ನು ಮೆಷಿನ್ನಿಗೆ ಸಿಕ್ಕಿಸಿ, ಕಪ್ ಇಲ್ಲದೆ, ಎರಡು ಮೂರು ನಿಮಿಷ ಬರೀ ಗಾಳಿ ಹೊಡೆಸಿದರೆ ಆಯಿತು.

ಇದು ತೊಳೆಯುವುದಾಯಿತು. ದಿನಕ್ಕೊಮ್ಮೆ ರೋಗಾಣು ಕೊಲ್ಲುವ ಕೆಲಸ ಬೇರೆ, ಪೈಪೋಟಿ ಇರುವುದು ಅಲ್ಲಿ.

ವಿನೆಗರ್ ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಅದನ್ನೇ ಕೇಳುತ್ತಾರೆ. ಒಂದು ಪಾಲು ಬಿಳಿ ವಿನೆಗರ್, ಮೂರು ಪಾಲು ನೀರು, ಅರ್ಧ ಗಂಟೆ ನೆನೆಹಾಕುವುದು ಅಂತ ಹಳೆಯ ಚೀಟಿಗಳಲ್ಲಿ ಇದೆ. ಕರೆಂಟು ಬೇಡ, ಗ್ಯಾಸ್ ಬೇಡ, ಮಾಸ್ಕ್ ಕೂಡ ಹಾಳಾಗುವುದಿಲ್ಲ. ಆದರೆ ಶ್ವಾಸಕೋಶಕ್ಕೆ ಕಾಟ ಕೊಡುವ ಬ್ಯಾಕ್ಟೀರಿಯಾಗಳನ್ನೆಲ್ಲ ಅದು ನಂಬುವ ಮಟ್ಟಿಗೆ ಕೊಲ್ಲುವುದಿಲ್ಲ. ಪದೇ ಪದೇ ಸೋಂಕಾಗುವವರಿಗೆ ವಿನೆಗರ್ ಸಾಲದು ಎಂದೇ ಈಗ ಹೇಳುವುದು. ನೆನೆಹಾಕಿದ ಮೇಲೆ ಚೆನ್ನಾಗಿ ಜಾಲಿಸದಿದ್ದರೆ ಹುಳಿ ವಾಸನೆ ಉಳಿದು, ಮೊದಲೇ ಕೆಮ್ಮುವವರು ಇನ್ನಷ್ಟು ಕೆಮ್ಮುತ್ತಾರೆ. ಜಾಲಿಸಲು ಮತ್ತೆ ಕುದಿಸಿ ಆರಿಸಿದ ನೀರೇ ಬೇಕು. ಹೇಗೂ ನೀರು ಕುದಿಸುವುದಾದರೆ ಕಪ್ಪನ್ನೇ ಅದಕ್ಕೆ ಹಾಕಬಾರದೇಕೆ?

ಸ್ಟೀಮ್ ಅಂದರೆ ಮಗುವಿನ ಹಾಲಿನ ಬಾಟಲಿ ಶುದ್ಧ ಮಾಡುವ ಎಲೆಕ್ಟ್ರಿಕ್ ಡಬ್ಬಿ. ಶಿವಮೊಗ್ಗದ ಮನೆಯಲ್ಲಿ ನನಗೆ ತುಂಬಾ ಹಿಡಿಸಿತು. ತಳಕ್ಕೆ ಅಳತೆಯ ನೀರು ಹಾಕಿ, ಕಪ್ಪಿನ ಭಾಗಗಳನ್ನು ಬಾಯಿ ಕೆಳಗೆ ಮಾಡಿ ಇಟ್ಟು, ಮುಚ್ಚಿ ಸ್ವಿಚ್ ಒತ್ತಿದರೆ ತಾನೇ ಆಫ್ ಆಗುತ್ತದೆ. ಪಾತ್ರೆ ಕಾಯುವ ಕೆಲಸವಿಲ್ಲ, ನೀರು ಬತ್ತಿ ಪ್ಲಾಸ್ಟಿಕ್ ಸುಡುವ ಭಯವಿಲ್ಲ. ತೊಂದರೆ ಎರಡು. ಒಂದು, ಗಾಳಿಮಳೆಗೆ ಕರೆಂಟು ಹೋಗುವುದು, ಊರಲ್ಲಿ ಹೋದರೆ ಯಾವಾಗ ಬಂದೀತು ಎಂಬ ಲೆಕ್ಕವಿಲ್ಲ. ಇನ್ನೊಂದು, ಮುಚ್ಚಳ ತೆಗೆಯುವಾಗ ಎಲ್ಲದರ ಮೇಲೂ ಹನಿ. ಮುಚ್ಚಿದ ಹಾಗೇ ಬಿಟ್ಟರೆ ಸಂಜೆಗೂ ಒದ್ದೆ.

ಕುದಿಸುವುದು ಹಳೆಯ ಕಾಲದ ವಿಧಾನ, ನನ್ನ ವೋಟು ಅದಕ್ಕೇ. ಅದಕ್ಕಾಗಿಯೇ ಒಂದು ಸ್ಟೀಲ್ ಪಾತ್ರೆ ಎತ್ತಿಡಿ, ಸಾರಿನ ಪಾತ್ರೆ ಬೇಡ. ತಳಕ್ಕೆ ಶುಭ್ರ ಹತ್ತಿ ಬಟ್ಟೆ ಹಾಸಿ, ಇಲ್ಲದಿದ್ದರೆ ಪ್ಲಾಸ್ಟಿಕ್ ತಳಕ್ಕೆ ತಾಗಿ ಸೊಟ್ಟಗಾಗುತ್ತದೆ. ಭಾಗಗಳು ಪೂರ್ತಿ ಮುಳುಗುವಷ್ಟು ನೀರಿರಲಿ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಐದು ನಿಮಿಷ, ಅದಕ್ಕೆ ಮೊದಲಿನದು ಲೆಕ್ಕಕ್ಕಿಲ್ಲ. ಆಮೇಲೆ ನೀರು ಬಸಿದು, ತೊಳೆದ ಇಕ್ಕಳದಲ್ಲಿ ಎತ್ತಿಕೊಳ್ಳಿ. ಮತ್ತೆ ಜಾಲಿಸಬೇಕಿಲ್ಲ. ಬಿಸಿಯಾಗಿ ಹೊರಬರುವುದರಿಂದ ಮೇಲಿನ ನೀರು ಅರ್ಧ ತಾನೇ ಆರಿಹೋಗುತ್ತದೆ, ಮಲೆನಾಡಿನಲ್ಲಿ ಇದು ಸಣ್ಣ ಲಾಭವಲ್ಲ. ಒಂದು ಮಾತು: ಎಲ್ಲ ಕಪ್ಪುಗಳೂ ಕುದಿಸುವಂಥವಲ್ಲ. ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಕುದಿಸಬಹುದು ಎಂದಿದೆಯೇ ನೋಡಿಕೊಳ್ಳಿ. ಮಾಸ್ಕನ್ನು ನಾನು ಕುದಿಸುವುದಿಲ್ಲ. ಮೆತ್ತನೆ ಪ್ಲಾಸ್ಟಿಕ್ಕಿನ ಮಾಸ್ಕ್ ಕುದಿಸಿದರೆ ಆಕಾರ ಕೆಟ್ಟು ಮುಖಕ್ಕೆ ಸರಿಯಾಗಿ ಕೂರದು, ಎಲಾಸ್ಟಿಕ್ ಸಡಿಲವಾಗುತ್ತದೆ. ಅದಕ್ಕೆ ಸೋಪಿನ ನೀರೇ, ಆದರೆ ಮೂಗಿನ ಕಡೆಯ ಮಡಿಕೆಯನ್ನು ಬೆರಳಿನಿಂದ ಉಜ್ಜಿ. ಗಾಯ ತೊಳೆಯುವ ಆ್ಯಂಟಿಸೆಪ್ಟಿಕ್ ಯಾವುದಕ್ಕೂ ಬೇಡ, ಅದರ ಘಾಟು ಪ್ಲಾಸ್ಟಿಕ್ಕಿನಲ್ಲಿ ಉಳಿಯುತ್ತದೆ.

ಇನ್ನು ಒಣಗಿಸುವುದು. "ಬಚ್ಚಲೊಲೆ ಮೇಲಿನ ಹಗ್ಗಕ್ಕೆ ಕಟ್ಟಿದ್ರೆ ಅರ್ಧ ಗಂಟೇಲಿ ಒಣಗ್ತದಲ್ಲ, ಬಟ್ಟೆ ಎಲ್ಲ ಅಲ್ಲೇ ಅಲ್ವಾ ಒಣಗೋದು?" ಅಂದರು ಅತ್ತಿಗೆ. ಒಣಗುವುದೇನೋ ಹೌದು. ಜೊತೆಗೆ ಹೊಗೆ, ಮಸಿ, ಬೂದಿ ಕೂರುತ್ತದೆ, ಉಸಿರಾಟದ ರೋಗಿಗೆ ದೂರವಿಡಬೇಕಾದ್ದೇ ಅದನ್ನು. ಬಟ್ಟೆಯಿಂದ ಒರೆಸಿ ನೋಡಿದೆ, ಟವೆಲಿನ ಎಳೆ ಕಪ್ಪಿನೊಳಗೆ ಉಳಿಯಿತು. ಹಾಗೇ ಬಿಟ್ಟರೆ ಮೇಲ್ಮೈ ಒಣಗಿದಂತೆ ಕಂಡರೂ ತಳದ ತೂತಿನಲ್ಲಿ ನೀರು ನಿಂತೇ ಇರುತ್ತಿತ್ತು. ಕೊನೆಗೆ ಗೆದ್ದದ್ದು ಮೆಷಿನ್ನೇ. ಕಪ್ಪನ್ನು ಜೋರಾಗಿ ಕೊಡವಿ, ತಳದ ಭಾಗವನ್ನು ಮಾತ್ರ ಪೈಪಿಗೆ ಸಿಕ್ಕಿಸಿ, ಒಂದೆರಡು ನಿಮಿಷ ಗಾಳಿ ಹೊಡೆಸಿದರೆ ತೂತಿನೊಳಗಿನ ನೀರೆಲ್ಲ ಚಿಮ್ಮಿ ಹೋಗುತ್ತದೆ. ಉಳಿದ ಭಾಗಗಳನ್ನು ಟಿಶ್ಯೂ ಪೇಪರಿನ ಮೇಲೆ ಬಿಡಿಬಿಡಿಯಾಗಿ ಇಟ್ಟು, ಊಟದ ಮೇಲೆ ಮುಚ್ಚುವ ಜಾಲರಿ ಮುಚ್ಚಿ, ಫ್ಯಾನಿನ ಗಾಳಿ ಸೋಕುವ ಕಡೆ ಇಡುತ್ತೇವೆ. ಪೂರ್ತಿ ಒಣಗುವ ತನಕ ಡಬ್ಬಿಗೆ ತುಂಬುವುದಿಲ್ಲ. ಒದ್ದೆಯಿದ್ದಾಗ ಮುಚ್ಚಿಟ್ಟರೆ ಮಳೆಗಾಲದಲ್ಲಿ ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಮನೆ ಬೇರೆ ಬೇಕಿಲ್ಲ. ಇನ್ನೊಂದು ಕಪ್ ಕೊಂಡದ್ದು ದೊಡ್ಡ ಅನುಕೂಲ: ಒಂದು ಬಳಕೆಯಲ್ಲಿ, ಒಂದು ಒಣಗಲು.

ಹಾಗಾದರೆ ವಿನೆಗರಿಗೆ ಜಾಗವೇ ಇಲ್ಲವೇ? ಇದೆ. ಅಪ್ಪಯ್ಯ ಒಂದಷ್ಟು ಕಾಲ ಶಿವಮೊಗ್ಗದಲ್ಲಿ ನಮ್ಮ ಜೊತೆ ಇದ್ದರು. ನಮ್ಮದು ಬೋರ್‌ವೆಲ್ ನೀರು, ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಅವರ ಔಷಧಿ ಲೆವೋಸಾಲ್ಬುಟಮಾಲ್ ಮತ್ತು ಇಪ್ರಟ್ರೋಪಿಯಂ ಸೇರಿದ 2.5 ಮಿ.ಲೀ. ರೆಸ್ಪ್ಯೂಲ್, ಅಂದರೆ ಒಂದು ಸಲಕ್ಕೆ ಒಡೆದು ಹಾಕುವ ಪುಟ್ಟ ಪ್ಲಾಸ್ಟಿಕ್ ಕೊಳವೆ, ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಮುಗಿಯುವುದು. ಬರಬರುತ್ತಾ ಇಪ್ಪತ್ತು ನಿಮಿಷ ಕೂತರೂ ಮುಗಿಯದಾಯಿತು, ಮಂಜೂ ತೆಳು. ಮೆಷಿನ್ ಹೋಯಿತು ಅಂತ ಮನೆಯವರು ಅಂದುಕೊಂಡರು. ಅದೇ ಮೆಷಿನ್, ಅದೇ ಪೈಪಿಗೆ ಎರಡನೇ ಕಪ್ ಹಾಕಿದೆ, ಮಂಜು ದಟ್ಟವಾಗಿ ಬಂತು. ಅಲ್ಲಿಗೆ ದೋಷ ಕಪ್ಪಿನದು ಎಂದಾಯಿತು. ಬೆಳಕಿಗೆ ಹಿಡಿದರೆ ತೂತಿನ ಸುತ್ತ ಬಿಳಿ ಕರೆ. ವಿನೆಗರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಜಾಲಿಸಿ, ಕುದಿಸಿದ ಮೇಲೆ ಕಪ್ ಮೊದಲಿನ ಹಾಗೆ ಓಡಿತು. ಕರೆ ಕರಗಿಸಲು ವಿನೆಗರ್ ಚೆನ್ನ, ರೋಗಾಣುವಿಗಲ್ಲ. ಆ ತೂತಿಗೆ ಸೂಜಿ, ಪಿನ್ನು ಹಾಕಲೇಬೇಡಿ. ತೂತು ಸ್ವಲ್ಪ ಅಗಲವಾದರೂ ಹನಿ ದಪ್ಪವಾಗಿ, ಔಷಧಿ ಗಂಟಲಲ್ಲೇ ಉಳಿಯುತ್ತದೆ. ಎರಡನೇ ಕಪ್ಪಿನಲ್ಲೂ ಮಂಜು ತೆಳುವಾಗಿದ್ದಿದ್ದರೆ ಮೆಷಿನ್ನಿನ ಫಿಲ್ಟರ್ ನೋಡುತ್ತಿದ್ದೆ. ಬೂದು ಬಣ್ಣಕ್ಕೆ ತಿರುಗಿದ, ಅಥವಾ ಒದ್ದೆಯಾದ ಫಿಲ್ಟರನ್ನು ತೊಳೆಯದೆ ಬದಲಿಸುವುದೇ ಸರಿ.

ಮಾಸ್ಕಾ, ಬಾಯಿಗೆ ಕಚ್ಚುವ ಮೌತ್‌ಪೀಸಾ ಎಂದರೆ, ತುಟಿ ಬಿಗಿಹಿಡಿದು ಕೂರಬಲ್ಲ ದೊಡ್ಡವರಿಗೆ ಮೌತ್‌ಪೀಸ್ ಮೇಲು. ಮಡಿಕೆಯಿಲ್ಲ, ತೊಳೆಯಲು ಸುಲಭ, ಮಂಜು ಕಣ್ಣಿಗೆ ಹೋಗುವುದಿಲ್ಲ. ಇಪ್ರಟ್ರೋಪಿಯಂ ಕಣ್ಣಿಗೆ ತಾಗಿದರೆ ಗ್ಲಾಕೋಮಾ ಇರುವವರಿಗೆ ಕಣ್ಣಿನ ಒತ್ತಡ ಏರಬಹುದು. ನಮ್ಮ ಅಪ್ಪಯ್ಯನಿಗೆ ಸುಸ್ತಾದ ದಿನ ಮೌತ್‌ಪೀಸ್ ಹಿಡಿಯಲು ಆಗದು, ಆ ದಿನ ಮಾತ್ರ ಮಾಸ್ಕ್. ಮಾಸ್ಕ್ ಮುಖಕ್ಕೆ ಒತ್ತಿ ಕೂತಿರಬೇಕು. ಮುಖದ ಮುಂದೆ ಕೈಯಲ್ಲಿ ಹಿಡಿದು ಕೂತರೆ ಔಷಧಿ ಜಗಲಿಗೇ ಹೋಗುತ್ತದೆ. ಬುಡೆಸೊನೈಡ್ ಎಂಬ ಸ್ಟಿರಾಯ್ಡ್ ಔಷಧಿ ಹಾಕಿದ್ದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಮಾಸ್ಕ್ ಆಗಿದ್ದರೆ ಮುಖವನ್ನೂ ತೊಳೆಯಿರಿ, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರ ಬರುವ ಸಾಧ್ಯತೆ ಇದೆ.

ಬಳಸುವ ಕ್ರಮ ಚೀಟಿಯಲ್ಲಿ ಇಷ್ಟೇ ಸಾಕು: ಕೈ ತೊಳೆದುಕೊಂಡು, ನೆಟ್ಟಗೆ ಕೂತು, ಕಪ್ಪನ್ನು ನೇರ ಹಿಡಿದು, ಮಾಮೂಲು ಉಸಿರಾಡಿ, ನಡುನಡುವೆ ಒಂದು ದೀರ್ಘ ಉಸಿರು. ಚಟಚಟ ಸದ್ದಾದಾಗ ಕಪ್ಪಿನ ಪಕ್ಕಕ್ಕೆ ಬೆರಳಿನಿಂದ ತಟ್ಟಿ, ಮಂಜು ನಿಂತರೆ ಮುಗಿಯಿತು. ಡಾಕ್ಟರ್ ಬರೆದುಕೊಟ್ಟದ್ದು ಬಿಟ್ಟು ಕಪ್ಪಿಗೆ ಬೇರೇನೂ ಬೇಡ, ನೀಲಗಿರಿ ಎಣ್ಣೆ, ಕಷಾಯ, ನಲ್ಲಿ ನೀರು ಯಾವುದೂ. ಕರೆಂಟಿಲ್ಲದ ರಾತ್ರಿಗೆ ಇನ್ಹೇಲರ್ ಮತ್ತು ಅದಕ್ಕೆ ಸಿಕ್ಕಿಸುವ ಸ್ಪೇಸರ್ ಕೊಳವೆ ಬರೆಸಿಕೊಂಡು ಮನೆಯಲ್ಲಿಟ್ಟಿರಿ. ನೆಬ್ಯುಲೈಸ್ ಮಾಡಿದ ಮೇಲೂ ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರಿದ್ದರೆ, ತುಟಿ ನೀಲಿಯಾದರೆ, ಮಂಪರು ಕವಿದಂತಿದ್ದರೆ ಮತ್ತೊಂದು ರೆಸ್ಪ್ಯೂಲ್ ಒಡೆಯುತ್ತಾ ಕೂರದೆ 108ಕ್ಕೆ ಫೋನ್ ಮಾಡಿ. ಘಟ್ಟದ ಮೇಲಿನ ಒಂಟಿ ಮನೆಗಳಿಗೆ ಗಾಡಿ ಬರಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಅನುಮಾನ ಬಂದಾಗಲೇ ಮಾಡಿ.