‘ಬರದೇ ಇರಲ್ಲ’ ಅನ್ನಬೇಕೋ, ‘ಬರಲ್ಲ ಅಂತೇನಿಲ್ಲ’ ಅನ್ನಬೇಕೋ?

ಎರಡರಲ್ಲೂ ಎರಡೆರಡು ನಿಷೇಧಗಳಿವೆ, ಆದರೆ ಭರವಸೆಯ ತೂಕ ಬೇರೆ. ಮದುವೆ ಮನೆಯಲ್ಲಿ ಅಡುಗೆಯವರು “ಸೋದರಮಾವ ಬರ್ತಾರಾ?” ಅಂತ ಕೇಳಿದರು ಅನ್ನಿ. “ಬರದೇ ಇರಲ್ಲ” ಅಂದರೆ ಅವರಿಗೂ ಎಲೆ ಹಾಕಬಹುದು. ಇಲ್ಲಿ ‘ಬರದೇ’ಯ ನಿಷೇಧವನ್ನು ‘ಇರಲ್ಲ’ ಅಳಿಸುತ್ತದೆ, ಉಳಿಯುವುದು ಗಟ್ಟಿ ಹೌದು. “ಬರಲ್ಲ ಅಂತೇನಿಲ್ಲ” ಅಂದರೆ ಅಳಿಯುವುದು ‘ಬರಲ್ಲ’ ಅನ್ನುವ ಮಾತು ಮಾತ್ರ. ಬರುವುದು ಇನ್ನೂ ಅನುಮಾನವೇ.

ಹಾಗಾದರೆ “ಬಂದೇ ಬರ್ತಾರೆ”? ಅದೂ ಅಷ್ಟೇ ಗಟ್ಟಿ. ಆದರೆ ಯಾರಾದರೂ ಅನುಮಾನ ತೋರಿಸಿದಾಗ “ಬರದೇ ಇರಲ್ಲ” ಹೆಚ್ಚು ಒಪ್ಪುತ್ತದೆ ಅಂತ ನನಗನ್ನಿಸುತ್ತದೆ.

‘ಯಾರೂ’ ಬಂದಾಗ ಗೊಂದಲ ಬೇಡ. “ಯಾರೂ ಬರಲಿಲ್ಲ” ಎಂಬಲ್ಲಿ ನಿಷೇಧ ಒಂದೇ, ‘ಯಾರೂ’ ಅದರ ಜೊತೆಗಾರ ಅಷ್ಟೆ. “ಯಾರೂ ಬರದೇ ಇರಲಿಲ್ಲ” ಅಂದರೆ ಎಲ್ಲರೂ ಬಂದರು.

ಹಳೆಯ ಸಾಹಿತ್ಯದ ‘ಬಾರೆನು, ಬಾರನು, ಬಾರರು’ ಸಾಲನ್ನು ಮಾತಿಗೆ ಆರಿಸಬೇಡಿ. ಅದರಲ್ಲಿ ಕಾಲದ ಗುರುತಿಲ್ಲ: ಬರಲಿಲ್ಲವೋ, ಬರುವುದಿಲ್ಲವೋ ಸಂದರ್ಭವೇ ಹೇಳಬೇಕು. ‘ಒಲ್ಲೆ’ಯಂಥ ಕೆಲವು ಮಾತ್ರ ಬಾಯಲ್ಲಿ ಉಳಿದಿವೆ. ‘ಬಾರದು’ ಕೂಡ ಉಳಿದಿದೆ, ಆದರೆ ‘ಮಾಡಬಾರದು’ ಎಂಬಲ್ಲಿ ಅದರ ಕೆಲಸ ಬೇಡವೆನ್ನುವುದು.