ಮೇಲಿನ ರೂಮಿಗೆ ವೈ-ಫೈ: ರಿಪೀಟರ್, ಎರಡನೇ ರೂಟರ್, ಆಕ್ಸೆಸ್ ಪಾಯಿಂಟ್

ಹನುಮಂತನಗರದ ನಮ್ಮ ಮನೆ ಎರಡು ಅಂತಸ್ತಿನದು. ಇಂಟರ್ನೆಟ್ ಡಬ್ಬಿ ಕೆಳಗೆ ಹಾಲ್‌ನಲ್ಲಿ, ಟಿವಿ ಪಕ್ಕ ಇದೆ. ಮಗಳು ಕೆಲಸ ಮಾಡುವುದು ಮೇಲೆ, ಹಿಂದಿನ ರೂಮಿನಲ್ಲಿ. ಪ್ಲಾನ್ 100 ಎಂಬಿಪಿಎಸ್‌ನದು. ಹಾಲ್‌ನಲ್ಲಿ 90ರ ಮೇಲೆ ಬರುತ್ತಿತ್ತು, ಅವಳ ಮೇಜಿನ ಹತ್ತಿರ ಆರೋ ಏಳೋ. "ಅಪ್ಪಾ, ಮೀಟಿಂಗ್‌ನಲ್ಲಿ ಮತ್ತೆ ಸ್ಟಕ್ ಆಯ್ತು" ಅನ್ನುವುದು ದಿನಾ ಇದ್ದದ್ದೇ.

ಆ ಡಬ್ಬಿಯನ್ನು ಕೆಲವರು ಮೋಡೆಮ್ ಅಂತಾರೆ, ಕೆಲವರು ರೂಟರ್ ಅಂತಾರೆ. ಎರಡೂ ತಪ್ಪಲ್ಲ. ಫೈಬರ್‌ನಲ್ಲಿ ಬರುವ ಬೆಳಕನ್ನು ನಮ್ಮ ಕಂಪ್ಯೂಟರಿಗೆ ಅರ್ಥವಾಗುವ ವಿದ್ಯುತ್ ಸಂಕೇತ ಮಾಡುವುದು ಮೋಡೆಮ್ ಕೆಲಸ. ಹೊರಗಿನಿಂದ ಸಿಗುವ ಒಂದೇ ವಿಳಾಸವನ್ನು ಮನೆಯ ಎಲ್ಲ ಫೋನು, ಟಿವಿ, ಲ್ಯಾಪ್‌ಟಾಪ್‌ಗಳು ಹಂಚಿಕೊಳ್ಳುವಂತೆ ಮಾಡಿ, ಪ್ರತಿಯೊಂದಕ್ಕೂ 192.168.1.15 ಥರದ ಒಳವಿಳಾಸ ಕೊಡುವುದು ರೂಟರ್. ಕೇಬಲ್‌ನಲ್ಲಿ ಇರುವುದನ್ನು ಗಾಳಿಗೆ ಬಿಡುವುದು ಆಕ್ಸೆಸ್ ಪಾಯಿಂಟ್. ಹಿಂದೆ ಇರುವ ಕೇಬಲ್ ತೂತುಗಳೇ ಸ್ವಿಚ್. ನಾಲ್ಕೂ ಒಂದೇ ಡಬ್ಬಿಯಲ್ಲಿ ತುಂಬಿರುವುದರಿಂದ ಯಾವುದು ಸಾಲುತ್ತಿಲ್ಲ ಅಂತ ಗೊತ್ತಾಗುವುದೇ ಇಲ್ಲ. ಮಗಳ ರೂಮಿಗೆ ಸಾಲದೇ ಇದ್ದದ್ದು ಮೂರನೆಯದು ಮಾತ್ರ. ಅದನ್ನು ಕಂಡುಕೊಳ್ಳಲು ಮೂರು ದಾರಿ ಹಿಡಿದು ನೋಡಿದೆ.

ಮೊದಲು ರಿಪೀಟರ್. ಗೋಡೆಯ ಪ್ಲಗ್‌ಗೆ ಚುಚ್ಚಿದರೆ ಆಯಿತು, ಕೇಬಲ್ ಎಳೆಯುವ ತಲೆನೋವಿಲ್ಲ. ಮಗಳ ರೂಮಿನಲ್ಲೇ ಹಾಕಿದೆ, ಏನೂ ಬದಲಾಗಲಿಲ್ಲ. ಆಗಲೇ ಹೊಳೆದದ್ದು: ತನಗೆ ಕೇಳಿಸಿದ್ದನ್ನೇ ಅದು ಮತ್ತೆ ಹೇಳುವುದು. ಅಲ್ಲಿ ಕೇಳಿಸುವುದೇ ಕಮ್ಮಿ ಅಲ್ವಾ? ಮೆಟ್ಟಿಲ ತಿರುವಿಗೆ ತಂದ ಮೇಲೆ 28 ಬಂತು. ನನ್ನದು ಅಗ್ಗದ್ದು, ಒಂದೇ ರೇಡಿಯೋದಲ್ಲಿ ಕೇಳಿ, ಅದರಲ್ಲೇ ಮತ್ತೆ ಕಳಿಸಬೇಕು, ಹಾಗಾಗಿ ವೇಗ ಅರ್ಧಕ್ಕೂ ಕೆಳಗೆ ಬೀಳುತ್ತದೆ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಆಗದವರಿಗೆ ಇದೇ ಗತಿ. ನನಗೆ ಸಾಲಲಿಲ್ಲ.

ಆಮೇಲೆ ಅಟ್ಟದಲ್ಲಿದ್ದ ಹಳೇ ರೂಟರ್ ಇಳಿಸಿದೆ. ಹೊರಗೋಡೆಯ ಪೈಪಿನಲ್ಲಿ 18 ಮೀಟರ್ ಕೇಬಲ್ ಎಳೆಸಿ, ಹೊರಗಿನಿಂದ ಇಂಟರ್ನೆಟ್ ಬರುವ ಕೇಬಲ್‌ಗೆಂದೇ ಅದರಲ್ಲಿರುವ ವ್ಯಾನ್ ಪೋರ್ಟ್‌ಗೆ ಚುಚ್ಚಿದೆ. ಮೇಲೂ 90 ದಾಟಿತು! ಸಂಜೆ ಮಗಳು ಬಂದಳು: "ಹಾಲ್‌ನಲ್ಲಿರೋ ಪ್ರಿಂಟರ್ ಕಾಣ್ತಾನೇ ಇಲ್ಲ." ಅವಳ ಲ್ಯಾಪ್‌ಟಾಪ್ ವಿಳಾಸ ನೋಡಿದರೆ 192.168.0.5. ಪ್ರಿಂಟರಿನದು 192.168.1.20. ಚುಕ್ಕಿಗಳ ನಡುವಿನ ಮೂರನೇ ಸಂಖ್ಯೆ ಬೇರೆ, ಅಂದರೆ ಎರಡೂ ಬೇರೆ ಬೇರೆ ಮನೆಯಲ್ಲಿದ್ದ ಹಾಗೆ. ಒಂದೇ ಮನೆಯಲ್ಲಿ ಇಬ್ಬರು ಯಜಮಾನರು ಕೂತು, ಇಬ್ಬರೂ ವಿಳಾಸ ಹಂಚುತ್ತಿದ್ದರು. ಫೋನಿನಿಂದ ಟಿವಿಗೆ ವಿಡಿಯೋ ಕಳಿಸಲೂ ಇದೇ ಅಡ್ಡಿ.

ಮೂರನೇ ದಾರಿಗೆ ಹೊಸದೇನೂ ಕೊಳ್ಳಲಿಲ್ಲ. ಅದೇ ಹಳೇ ರೂಟರ್‌ನ ರೂಟರ್‌ತನ ತೆಗೆದೆ ಅಷ್ಟೇ. ವ್ಯಾನ್ ಪೋರ್ಟ್‌ನ ಕೇಬಲ್ ಕಿತ್ತು, ಲ್ಯಾಪ್‌ಟಾಪನ್ನು ಇನ್ನೊಂದು ಕೇಬಲ್‌ನಿಂದ ಅದಕ್ಕೆ ಜೋಡಿಸಿ, ಬ್ರೌಸರ್‌ನಲ್ಲಿ ಅದರ ಸೆಟ್ಟಿಂಗ್ ಪುಟ 192.168.0.1 ತೆರೆದೆ. ವೈ-ಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಕೆಳಗಿನದರಂತೆಯೇ ಇಟ್ಟೆ. `DHCP Server` ಆಫ್ ಮಾಡಿದೆ, ಇನ್ನು ಅದು ವಿಳಾಸ ಹಂಚುವುದಿಲ್ಲ. ಕೊನೆಗೆ ಅದರ ಸ್ವಂತ ವಿಳಾಸವನ್ನು 192.168.1.2 ಮಾಡಿದೆ. ಕೆಳಗಿನ ಡಬ್ಬಿ ಹಂಚುವುದು 10ರಿಂದ ಮೇಲಿನ ಸಂಖ್ಯೆಗಳನ್ನು, ಹಾಗಾಗಿ 2 ಖಾಲಿ ಇತ್ತು. ನಂತರ ಕಿತ್ತಿದ್ದ ಕೇಬಲನ್ನು ವ್ಯಾನ್ ಬದಲು, ಮನೆಯೊಳಗಿನ ಸಾಧನಗಳಿಗಿರುವ ಲ್ಯಾನ್ ಪೋರ್ಟ್‌ಗೆ ಹಾಕಿದೆ. ಇದನ್ನು ಮರೆತರೆ ಮೇಲೆ ಯಾರಿಗೂ ವಿಳಾಸವೇ ಸಿಗುವುದಿಲ್ಲ. ಹೊಸ ರೂಟರ್‌ಗಳಲ್ಲಿ ಇಷ್ಟು ಒದ್ದಾಟ ಬೇಡ, ಸಾಮಾನ್ಯವಾಗಿ `Access Point Mode` ಅಂತ ಒಂದೇ ಆಯ್ಕೆ ಇರುತ್ತದೆ. ವೇಗ 90ರ ಮೇಲೇ ಉಳಿಯಿತು, ಪ್ರಿಂಟರೂ ಕಂಡಿತು. ಒಂದೇ ಕಿರಿಕಿರಿ: ಮೆಟ್ಟಿಲು ಹತ್ತುವಾಗ ನನ್ನ ಫೋನು ಕೆಳಗಿನ ವೈ-ಫೈಯನ್ನೇ ಹಿಡಿದುಕೊಂಡಿರುತ್ತದೆ. ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು.

ಸ್ವಿಚ್ ಬೇಕಾದದ್ದು ಕೆಳಗೆ. ಡಬ್ಬಿಗೆ ಎರಡೇ ಪೋರ್ಟ್: ಒಂದು ಟಿವಿಗೆ, ಒಂದು ಕ್ಯಾಮೆರಾ ಪೆಟ್ಟಿಗೆಗೆ. ಮೇಲಿನ ಕೇಬಲ್‌ಗೆ ಜಾಗವಿಲ್ಲ ಅಂತ ಇಷ್ಟು ದಿನ ಟಿವಿಯದನ್ನು ಕಿತ್ತಿಟ್ಟಿದ್ದೆ. ಪಕ್ಕದ ಬೀದಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸ್ವಿಚ್ ಕೇಳಿದರೆ ಫ್ಯಾನ್ ಸ್ವಿಚ್ ತೋರಿಸಿದರು. ಎಸ್‌ಪಿ ರೋಡ್‌ನಲ್ಲಿ "ಐದು ಪೋರ್ಟ್‌ನ ನೆಟ್‌ವರ್ಕ್ ಸ್ವಿಚ್" ಅಂದಾಗ ಸಿಕ್ಕಿತು. ಸೆಟ್ಟಿಂಗ್ ಏನೂ ಇಲ್ಲ, ಚುಚ್ಚಿದರೆ ಓಡುತ್ತದೆ. ವಿಳಾಸ ಕೊಡುವುದಿಲ್ಲ, ವೈ-ಫೈ ಬಿಡುವುದಿಲ್ಲ, ಸುಮ್ನೆ ತೂತು ಹೆಚ್ಚಿಸುತ್ತದೆ.

ಹೋದ ಭಾನುವಾರ ಟಿವಿ ಸ್ಟ್ಯಾಂಡ್ ಒರೆಸುವಾಗ ನೇತಾಡುತ್ತಿದ್ದ ಒಂದು ತುದಿಯನ್ನು ಖಾಲಿ ತೂತಿಗೆ ಚುಚ್ಚಿಬಿಟ್ಟೆ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್‌ನಲ್ಲಿತ್ತು. ಸ್ವಲ್ಪದರಲ್ಲೇ ಮನೆಪೂರ್ತಿ ನೆಟ್ ನಿಂತಿತು. ಸ್ವಿಚ್‌ನ ದೀಪಗಳೆಲ್ಲ ಒಟ್ಟಿಗೆ ಹುಚ್ಚೆದ್ದು ಮಿನುಗುತ್ತಿದ್ದವು. ಕಳಿಸಿದ್ದೇ ತಿರುಗಿ ಬಂದು ಒಳಗೇ ಸುತ್ತು ಹೊಡೆಯುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಆ ಕೇಬಲ್ ಕಿತ್ತ ಮೇಲೆ ಸರಿಹೋಯಿತು. ಅಷ್ಟರಲ್ಲಿ ಮೇಲಿನಿಂದ "ಅಪ್ಪಾ" ಅಂತ ಕೂಗು ಬಂದಾಗಿತ್ತು.